ಎಕ್ಸ್‌ಪೈರಿ ದಿನದ ಲಾಟ್ ಲೆಕ್ಕ: ಪೂರ್ತಿ ಪ್ರೀಮಿಯಂ ಹೋಯಿತೆಂದೇ ಹಿಡಿಯಿರಿ

ನಮ್ಮ ವಿಜಯಪುರದಲ್ಲಿ ಒಣದ್ರಾಕ್ಷಿ ಮಾರಿದ ಹಣವನ್ನು ಆಪ್ಶನ್ ಖಾತೆಗೆ ಹಾಕುವ ಹುಡುಗರು ಹೆಚ್ಚುತ್ತಿದ್ದಾರೆ. ಅವರಲ್ಲೊಬ್ಬ ಗುರುವಾರ, ಸೆನ್ಸೆಕ್ಸ್ ಎಕ್ಸ್‌ಪೈರಿಯ ದಿನ, ಆರು ಲಾಟ್ ಕಾಲ್ ಕೊಂಡು, "ಸ್ಟಾಪ್‌ಲಾಸ್ ಹಾಕೇನ್ರಿ ಅಣ್ಣಾರ, ನಷ್ಟ ಮೂವತ್ತು ಪಾಯಿಂಟಿನ ಮ್ಯಾಲ ಹೋಗೂದಿಲ್ರಿ" ಎಂದ. ಈ ಲೆಕ್ಕ ಉಳಿದ ದಿನಗಳಲ್ಲಿ ನಡೆಯಬಹುದು, ಎಕ್ಸ್‌ಪೈರಿಯಂದು ನಡೆಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಉದಾಹರಣೆ ನೋಡೋಣ. ಖಾತೆಯಲ್ಲಿ 2 ಲಕ್ಷ ರೂಪಾಯಿ ಇದೆ, ಒಂದು ದಿನಕ್ಕೆ ಕಳೆದುಕೊಳ್ಳಲು ಸಿದ್ಧವಿರುವುದು 4,000 ರೂಪಾಯಿ. ಬೆಳಿಗ್ಗೆ 11 ಗಂಟೆಗೆ ಸೆನ್ಸೆಕ್ಸ್ 82,040ರಲ್ಲಿದ್ದು, 82,100ರ ಕಾಲ್ 180ಕ್ಕೆ ಸಿಗುತ್ತಿದೆ ಎಂದುಕೊಳ್ಳಿ. ಲಾಟ್ ಎಂದರೆ 20, ಹೀಗಾಗಿ ಒಂದು ಲಾಟಿಗೆ 3,600 ರೂಪಾಯಿ. ಹುಡುಗನ ಲೆಕ್ಕದಲ್ಲಿ 30 ಪಾಯಿಂಟಿನ ಸ್ಟಾಪ್‌ಲಾಸ್‌ಗೆ ಲಾಟೊಂದಕ್ಕೆ 600 ನಷ್ಟ, ಆದ್ದರಿಂದ ಆರು ಲಾಟ್. ಆದರೆ ಅವನು ಕಟ್ಟಿದ್ದು 21,600, ಅಂದರೆ ಖಾತೆಯ ಹತ್ತನೆಯ ಒಂದು ಭಾಗಕ್ಕೂ ಹೆಚ್ಚು.

ಈಗ ಸೂಚ್ಯಂಕ ಇದ್ದಲ್ಲೇ ನಿಂತಿತು, ಏರಿಳಿತದ ನಿರೀಕ್ಷೆಯೂ ಬದಲಾಗಲಿಲ್ಲ ಎಂದು ಭಾವಿಸಿ. ಸಮಯದ ಬೆಲೆ ಉಳಿದ ವೇಳೆಯ ವರ್ಗಮೂಲದಂತೆ, ಸ್ಟ್ರೈಕ್ ಸೂಚ್ಯಂಕಕ್ಕಿಂತ ಮೇಲಿದ್ದರೆ ಅದಕ್ಕಿಂತಲೂ ತುಸು ಬೇಗ, ಕರಗುವುದರಿಂದ, ಸ್ಥೂಲವಾಗಿ 12.15ರ ಹೊತ್ತಿಗೇ ಪ್ರೀಮಿಯಂ 150ಕ್ಕೆ ಇಳಿದಿರುತ್ತದೆ. ಮಾರುಕಟ್ಟೆ ಅವನ ವಿರುದ್ಧ ಒಂದು ಪಾಯಿಂಟೂ ಹೋಗದೆ, ಕೇವಲ ಗಡಿಯಾರವೇ ಸ್ಟಾಪ್‌ಲಾಸ್ ಮುಟ್ಟಿಸಿತು! ಒಂದೂವರೆಗೆ 112, ಮೂರು ಗಂಟೆಗೆ 44ರ ಆಸುಪಾಸು, ಮುಕ್ತಾಯದಲ್ಲೂ ಸೂಚ್ಯಂಕ 82,100ರ ಕೆಳಗೇ ಉಳಿದರೆ ಸೊನ್ನೆ. ಇದಕ್ಕೆ ಹೆದರಿ ಸ್ಟಾಪ್‌ಲಾಸ್ ಅನ್ನು ಕೆಳಗೆ ಸರಿಸುವವರೇ ಹೆಚ್ಚು. ಸರಿಸಿದ ಕ್ಷಣದಲ್ಲಿ ಆರು ಲಾಟಿನ ಲೆಕ್ಕಕ್ಕೆ ಆಧಾರವೇ ಉಳಿಯುವುದಿಲ್ಲ. ಸರಿಸದಿದ್ದರೂ ಅಪಾಯ ತಪ್ಪಿದ್ದಲ್ಲ: ಸೂಚ್ಯಂಕ ಒಮ್ಮೆಲೇ ಕುಸಿದು ಪ್ರೀಮಿಯಂ ಲಿಮಿಟ್ ಬೆಲೆಯನ್ನು ಹಾರಿ ಕೆಳಗಿಳಿದರೆ, ಸ್ಟಾಪ್‌ಲಾಸ್ ಲಿಮಿಟ್ ಆರ್ಡರ್ ಕಾರ್ಯಗತವಾಗದೆ ಹಾಗೆಯೇ ಉಳಿಯುತ್ತದೆ.

ಆದುದರಿಂದ ಕೊಳ್ಳುವಾಗಲೇ ಪೂರ್ತಿ ಪ್ರೀಮಿಯಂ ಹೋಯಿತೆಂದು ಹಿಡಿದು 4,000ವನ್ನು 3,600ರಿಂದ ಭಾಗಿಸಬೇಕು. ಬರುವುದು ಒಂದೇ ಲಾಟ್. ಸ್ಟಾಪ್‌ಲಾಸ್ ಇರಲಿ, ಬೇಗ ಹೊರಬರಲು ಅದು ಬೇಕು, ಆದರೆ ಲಾಟಿನ ಸಂಖ್ಯೆಯನ್ನು ಅದು ನಿರ್ಧರಿಸಬಾರದು. ಮಧ್ಯಾಹ್ನ ಅದೇ ಕಾಲ್ 44ಕ್ಕೆ ಬಂದಾಗ "ಲಾಟಿಗೆ ಬರೇ 880" ಎಂದು ಮತ್ತೆ ನಾಲ್ಕು ಕೊಳ್ಳುವ ಆಸೆಯಾಗುತ್ತದೆ. ಬೆಳಗಿನ ಲಾಟಿಗೆ 3,600 ಆಗಲೇ ಕಟ್ಟಿದ್ದು, ಆ ದಿನದ ಪಾಲಿನಲ್ಲಿ ಉಳಿದಿರುವುದು 400 ಮಾತ್ರ.

ಇದೆಲ್ಲ ಕೊಳ್ಳುವವರ ಮಾತು. ಮಾರುವವರ ನಷ್ಟ ಪ್ರೀಮಿಯಂಗೆ ನಿಲ್ಲುವುದಿಲ್ಲವಾದ್ದರಿಂದ ಈ ಸೂತ್ರ ಅವರಿಗೆ ಅನ್ವಯಿಸದು.

ಖಾತೆಯಲ್ಲಿ ಒಂದೇ ಲಕ್ಷವಿದ್ದು ದಿನದ ಮಿತಿ 2,000 ಆದರೆ ಈ ಕಾಲ್‌ನ ಒಂದು ಲಾಟೂ ಕೂಡುವುದಿಲ್ಲ. ಆಗ ದೂರದ ಅಗ್ಗದ ಸ್ಟ್ರೈಕ್ ಹುಡುಕುವವರಿದ್ದಾರೆ. ಆದರೆ ಅದೇ ಕೆಲವು ಗಂಟೆಗಳಲ್ಲಿ ಸೂಚ್ಯಂಕ ಇನ್ನೂ ಹೆಚ್ಚು ದೂರ ಚಲಿಸಬೇಕಾದುದರಿಂದ, ಆ ಗುರುವಾರ ವ್ಯವಹಾರವನ್ನೇ ಬಿಡುವುದು ಸರಿಯೆಂದು ನಾನು ಹೇಳುತ್ತೇನೆ.