ಬಿಸಿಲಿಗೆ ಒಣಗಿದರೆ ತಾರಸಿ ಗಟ್ಟಿಯಾದಂತೆಯೇ?

"ತಾರಸಿ ಒಣಗಿ ಬೆಳ್ಳಗಾದರೆ ಗಟ್ಟಿಯಾಯಿತೆಂದೇ ಅರ್ಥ, ಬೇಸಿಗೆಯಲ್ಲಿ ಮೂರೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಬಹುದು."

ಸತ್ಯಾಂಶ: ಇದು ತಪ್ಪು. ಕಾಂಕ್ರೀಟ್ ಗಟ್ಟಿಯಾಗುವುದು ಸಿಮೆಂಟು ನೀರಿನೊಡನೆ ನಡೆಸುವ ರಾಸಾಯನಿಕ ಕ್ರಿಯೆಯಿಂದ. ನೀರು ಆರಿದಂತೆ ಆ ಕ್ರಿಯೆ ಕುಂಠಿತವಾಗುವುದರಿಂದ, ಬೆಳ್ಳಗಾದ ಮೇಲ್ಮೈ ಕ್ಯೂರಿಂಗ್ ತಪ್ಪಿದ್ದರ ಗುರುತೇ ಹೊರತು ಬಲದ ಗುರುತಲ್ಲ.

ಮಂಡ್ಯದಲ್ಲಿ 12 ಅಡಿ, ಅಂದರೆ ಸುಮಾರು 3.7 ಮೀಟರ್ ಅಗಲದ ಕೋಣೆಗೆ ತಾರಸಿ ಹಾಕಿದ್ದಾರೆ ಎನ್ನೋಣ. ಭಾರತೀಯ ಮಾನಕ IS 456ರ ಪ್ರಕಾರ 4.5 ಮೀಟರ್‌ವರೆಗಿನ ತಾರಸಿಯ ಆಸರೆ ಕಂಬಗಳನ್ನು 7 ದಿನಗಳಾದರೂ ತೆಗೆಯಬಾರದು, ಅದಕ್ಕಿಂತ ಅಗಲವಾಗಿದ್ದರೆ 14 ದಿನ. ಈ ಲೆಕ್ಕ ಸಾಧಾರಣ ಒಪಿಸಿ ಸಿಮೆಂಟಿನದು. ಈಗ ಹೆಚ್ಚಿನ ಮನೆಗಳಿಗೆ ಬಳಸುವ, ಹಾರುಬೂದಿ ಬೆರೆತ ಪಿಪಿಸಿ ನಿಧಾನವಾಗಿ ಬಲಗೊಳ್ಳುವುದರಿಂದ, ಈ ಕೋಣೆಗೂ 14 ದಿನ ಕಾಯುವುದೇ ಲೇಸು. ಅಷ್ಟೂ ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಪೂರ್ಣ ಬಲವನ್ನು ಅಳೆಯುವುದು 28ನೇ ದಿನ. ಅಲ್ಲಿಯವರೆಗೆ ಇಟ್ಟಿಗೆ, ಮರಳನ್ನು ತಾರಸಿಯ ನಡುವೆ ರಾಶಿ ಹಾಕಬಾರದು.