ರೊಟ್ಟಿ ಹೋತು, ರೊಕ್ಕ ಬರಲಿಲ್ಲ

ಮೂರು ತಿಂಗಳಿಗೊಮ್ಮೆ ಹೂಡಿಕೆದಾರರಿಗೆ ಹೋಗುವ ಪತ್ರದ ಮೊದಲ ಪುಟದಲ್ಲಿ ಸಂಭ್ರಮವೋ ಸಂಭ್ರಮ. ಹೊಸ ಊರು, ಹೊಸ ಅಂಗಡಿ, ಮೇಳದಲ್ಲಿ ಸಚಿವರು ರೊಟ್ಟಿ ಮುರಿಯುತ್ತಿರುವ ಫೋಟೊ. ಬ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂಬುದು ಮಾತ್ರ ಕೊನೇ ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ. ರೊಕ್ಕ ಹಾಕಿದವರು ಪತ್ರವನ್ನು ತಳದಿಂದಲೇ ಓದುತ್ತಾರೆ.

ಬಾಗಲಕೋಟೆಯಲ್ಲೊಂದು ಖಡಕ್ ರೊಟ್ಟಿ ಕಂಪನಿ ಇದೆ ಎಂದಿಟ್ಟುಕೊಳ್ಳಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಾರಾಟ 30 ಲಕ್ಷ, ಖರ್ಚು 27 ಲಕ್ಷ, ಲಾಭ 3 ಲಕ್ಷ ಎಂದು ಪತ್ರ ಹೇಳುತ್ತದೆ. ಆದರೆ ಬ್ಯಾಂಕಿನಲ್ಲಿದ್ದ 36 ಲಕ್ಷ 24 ಆಗಿದೆ. ರೊಕ್ಕ ಹಾಕಿದ ಬೆಳಗಾವಿಯ ಕಾಕಾ ಒಬ್ಬರು ಫೋನ್ ಮಾಡುತ್ತಾರೆ: "ತಮ್ಮಾ, ಮೂರು ಲಕ್ಷ ಲಾಭ ಮಾಡಿ ಹನ್ನೆರಡು ಲಕ್ಷ ಕಳಕೊಂಡೀಯಲ್ಲೋ. ಇನ್ನ ಮ್ಯಾಲ ಸ್ವಲ್ಪ ಕಡಿಮಿ ಲಾಭ ಮಾಡು!"

3 ಲಕ್ಷ ಲಾಭವಾಗಿದ್ದರೆ 36 ಲಕ್ಷ 39 ಆಗಬೇಕಿತ್ತು, ಆಗಿದ್ದು 24; ಕಾಕಾ ಕೇಳುತ್ತಿರುವುದು ಆ 15 ಲಕ್ಷದ ಲೆಕ್ಕ. 30 ಲಕ್ಷ ಎಂದರೆ ಗೋಡೌನಿನಿಂದ ಹೊರಟ ಮಾಲಿನ ಬೆಲೆ. ಅಂಗಡಿಯವರು "ಮಾರಿದ ಮ್ಯಾಲ ರೊಕ್ಕ, ಉಳಿದದ್ದು ವಾಪಸ್" ಎಂಬ ಮಾತಿನ ಮೇಲೆ ಇಳಿಸಿಕೊಂಡಿದ್ದಾರೆ. ಅದರಲ್ಲಿ 5 ಲಕ್ಷದ್ದು ಇನ್ನೂ ಕಪಾಟಿನಲ್ಲಿದೆ. 4 ಲಕ್ಷದ್ದು ಪುಡಿಯಾಗಿ ವಾಪಸ್ ಬಂದಿದೆ. ಹತ್ತು ರೊಟ್ಟಿಯನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಡಬ್ಬದ ಮೇಲೆ ಡಬ್ಬ ಪೇರಿಸಿ ಬಸ್ಸಿಗೆ ಹಾಕಿದರೆ ತಳದ ಡಬ್ಬ ಊರು ಮುಟ್ಟುವಷ್ಟರಲ್ಲಿ ಮುಟಗಿಗೆ ತಯಾರು. ನಿಜಕ್ಕೂ ಮಾರಿದ್ದು 21 ಲಕ್ಷದ್ದು, ಅದರಲ್ಲೂ 6 ಲಕ್ಷ ಉದ್ರಿ. ಕೈಗೆ ಬಂದದ್ದು 15.

ಇಷ್ಟನ್ನು ಮೊದಲ ಪ್ಯಾರಾದಲ್ಲೇ ಬರೆದರೆ ಫೋನ್ ಬರುವುದಿಲ್ಲ. ತಿಂಗಳಿಗೆ 9 ಲಕ್ಷ ಹೋಗುತ್ತದೆ, 5 ಬರುತ್ತದೆ, 4 ಕರಗುತ್ತದೆ; 24 ಲಕ್ಷ ಜೂನ್ ಕೊನೆಯವರೆಗೆ ಸಾಕು. ತಪ್ಪಿದ ಗುರಿಗೆ "ಅಮೂಲ್ಯ ಪಾಠ" ಎಂದು ಹೆಸರಿಡುವುದು ಬೇಡ. ಪುಡಿಯಾದ 4 ಲಕ್ಷಕ್ಕೆ ಪುಡಿ ಎಂದೇ ಬರೆಯಬೇಕು, ಕಾರಣ ಪ್ಯಾಕಿಂಗ್ ಎಂದೂ.

ಕೇಳುವುದನ್ನು ಜನವರಿಯಲ್ಲೇ ಕೇಳಬೇಕು. ಮಾತುಕತೆ, ಕಾಗದಪತ್ರ, ಸಹಿ ಮುಗಿಯಲು ನಾಲ್ಕೈದು ತಿಂಗಳು ಸಲೀಸಾಗಿ ಹಿಡಿಯುತ್ತದೆ. ಜೂನ್‌ನಲ್ಲಿ ಕೈ ಚಾಚಿದವನಿಗೆ ದರ ಹೇಳುವವರು ಎದುರಿನವರೇ. "ಬೆಳವಣಿಗೆಗೆ ಬಂಡವಾಳ ಬೇಕು" ಎಂದರೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. 28 ಲಕ್ಷ ಬೇಕು. 8 ಲಕ್ಷ ಗಟ್ಟಿ ಡಬ್ಬ ಮತ್ತು ಪ್ಯಾಕಿಂಗ್‌ಗೆ, 20 ಲಕ್ಷ ನವೆಂಬರ್ ಕೊನೆವರೆಗೆ ಉಸಿರಾಡಲು. ಅಷ್ಟರಲ್ಲಿ ಮೂರು ತಿಂಗಳ ಪುಡಿ 1 ಲಕ್ಷಕ್ಕಿಂತ ಕೆಳಗೆ ಬರಬೇಕು, 45 ದಿನ ದಾಟಿದ ಉದ್ರಿ ಅಂಗಡಿಗೆ ಮಾಲು ಬಂದ್. ಹೀಗೆ ಬರೆದರೆ ಮುಂದಿನ ಪತ್ರವನ್ನು ಅಳೆಯಲು ಕಾಕಾನ ಕೈಗೆ ಕೋಲೂ ಸಿಗುತ್ತದೆ.

ಇನ್ನೊಂದು: ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ "ಉಳಿದವರೆಲ್ಲ ಒಪ್ಪ್ಯಾರ್ರೀ, ನಿಮ್ಮದೊಂದ ಬಾಕಿ" ಎಂದು ಸೇರಿಸುವ ಚಾಳಿ ಬಿಡುವುದು ಒಳ್ಳೆಯದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೂಡಿಕೆದಾರರು ಹೆಂಗೋ ಏನೋ ಒಬ್ಬರಿಗೊಬ್ಬರು ಬೀಗರೇ ಆಗಿರುತ್ತಾರೆ.