ಬುಡಕಟ್ಟು, ಮೂಲನಿವಾಸಿ, ಅಲ್ಪಸಂಖ್ಯಾತ: ಮೂರೂ ಒಂದೇ ಅಲ್ಲ ಸ್ವಾಮಿ

ಆಗಸ್ಟ್ 9ರ ವಿಶ್ವ ಆದಿವಾಸಿ ದಿನದ ನೆಪದಲ್ಲಿ ಹಾಸನದಲ್ಲಿ ನಡೆದ ಸಭೆಯಿಂದ ಈಗಷ್ಟೇ ವಾಪಸ್ ಬಂದೆ. ತಲೆ ಬಿಸಿಯಾಗಿದೆ, ಹಾಗಾಗಿ ಬರಹ ಉದ್ದವಾಗುತ್ತೆ, ಕ್ಷಮಿಸಿ. ವೇದಿಕೆ ಮೇಲಿದ್ದ ಮಹನೀಯರು ಒಂದೇ ಉಸಿರಿನಲ್ಲಿ "ನಮ್ಮ ಬುಡಕಟ್ಟು ಮೂಲನಿವಾಸಿ ಅಲ್ಪಸಂಖ್ಯಾತ ಬಂಧುಗಳು" ಅಂದರು. ಒಂದು ಸಲವಲ್ಲ, ಆರೇಳು ಸಲ. ಚಪ್ಪಾಳೆಯೂ ಬಿತ್ತು. ಕೇಳಲು ಚಂದ, ಸರಿ. ಆದರೆ ಬುಡಕಟ್ಟಿನವರೊಬ್ಬರು ಈ ಮೂರು ಪದಗಳಲ್ಲಿ ಒಂದನ್ನು ಹಿಡಿದು ನಾಡಕಚೇರಿಗೆ ಹೋದರೆ ಪ್ರಮಾಣಪತ್ರ ಸಿಗುತ್ತೆ, ಉಳಿದ ಎರಡನ್ನು ಹಿಡಿದು ಹೋದರೆ ಬರಿಗೈಲಿ ವಾಪಸ್. ಇದನ್ನು ವೇದಿಕೆ ಮೇಲೆ ಯಾರೂ ಹೇಳಲ್ಲ.

ದೂರ ಹೋಗೋದು ಬೇಡ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಯವರನ್ನೇ ತಗೊಳ್ಳಿ. ಮನೆಯಲ್ಲಿ ಆಡೋದು ವಾಗ್ರಿ ಬೂಲಿ. ಅದು ಗುಜರಾತಿ, ರಾಜಸ್ಥಾನಿ ಕಡೆಯ ನುಡಿಗಳ ಬಳಗದ್ದು, ಕನ್ನಡ ತಮಿಳಿನ ಕುಟುಂಬದ್ದಲ್ಲ. ಈಗ ಭಾಷಣದ ಮೂರು ಪದಗಳನ್ನು ಒಂದೊಂದಾಗಿ ಇವರ ಮೇಲೆ ಇಟ್ಟು ನೋಡೋಣ.

ಬುಡಕಟ್ಟು? ಹೌದು. ಆದರೆ ಯಾಕೆ ಹೌದು ಅನ್ನೋದು ಮುಖ್ಯ. ಅಲೆಮಾರಿಗಳಾಗಿದ್ದರು, ಬೇಟೆ ಆಡುತ್ತಿದ್ದರು ಅಂತಲ್ಲ. ಸಂವಿಧಾನದ 342ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳು 1950ರಲ್ಲಿ ಹೊರಡಿಸಿದ ಆದೇಶದ ಪಟ್ಟಿಯಲ್ಲಿ, ಆಗಿನ ಮೈಸೂರು ರಾಜ್ಯದ ಹೆಸರಿನ ಕೆಳಗೆ 'ಹಕ್ಕಿಪಿಕ್ಕಿ' ಅಂತ ಇತ್ತು, ಅದಕ್ಕೆ. ಪಟ್ಟಿಗೆ ಸೇರಿಸೋದು, ತೆಗೆಯೋದು ಆಮೇಲೆ ಸಂಸತ್ತಿನ ಕೆಲಸ ಮಾತ್ರ. ಸಂವಿಧಾನದಲ್ಲಿ ಬುಡಕಟ್ಟು ಅಂದರೆ ಏನು ಅನ್ನೋ ವಿವರಣೆಯೇ ಇಲ್ಲ. ಪಟ್ಟಿಯಲ್ಲಿದ್ದವರು ಪರಿಶಿಷ್ಟ ಪಂಗಡ, ಅಷ್ಟೇ. 1965ರ ಲೋಕೂರ್ ಸಮಿತಿ ಐದು ಲಕ್ಷಣ ಹೇಳಿತು: ಆದಿಮ ಗುಣ, ಬೇರೆಯೇ ಆದ ಸಂಸ್ಕೃತಿ, ದೂರದ ವಾಸ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ('ಆದಿಮ ಗುಣ'ವನ್ನು ಯಾವ ಸ್ಕೇಲಿನಲ್ಲಿ ಅಳೀತಾರೋ!) ಹೊಸ ಹೆಸರು ಸೇರಿಸುವಾಗ ಇವತ್ತಿಗೂ ಇದೇ ಐದನ್ನು ನೋಡುತ್ತಾರೆ. ರಾಜ್ಯ ಸರ್ಕಾರ ಶಿಫಾರಸು ಕಳಿಸಬೇಕು, ರಿಜಿಸ್ಟ್ರಾರ್ ಜನರಲ್ ಒಪ್ಪಬೇಕು, ಆಮೇಲೆ ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗ ಒಪ್ಪಬೇಕು, ಆಮೇಲೆ ಸಂಪುಟ, ಆಮೇಲೆ ಮಸೂದೆ. ನಡುವೆ ಒಬ್ಬರು ಬೇಡ ಅಂದರೂ ಫೈಲು ಅಲ್ಲೇ ಕೂರುತ್ತೆ.

ಎಷ್ಟು ಕಾಲ ಕೂರುತ್ತೆ ಅಂತೀರಾ? ಇದೇ ವಾಗ್ರಿ ಬೂಲಿ ಆಡುವ ಜನ ತಮಿಳುನಾಡಿನಲ್ಲಿ ನರಿಕುರವರ್ ಅನ್ನಿಸಿಕೊಳ್ಳುತ್ತಾರೆ. ಗಡಿಯಿಂದ ಈಚೆಗೆ ಪರಿಶಿಷ್ಟ ಪಂಗಡ, ಆಚೆಗೆ ಅತಿ ಹಿಂದುಳಿದ ವರ್ಗ ಅಂತಿತ್ತು. ಇವರನ್ನು ಸೇರಿಸಿ ಅಂತ ಅದೇ ಲೋಕೂರ್ ಸಮಿತಿ 1965ರಲ್ಲೇ ಹೇಳಿತ್ತು. ಸಂಸತ್ತು ಮಸೂದೆ ಪಾಸು ಮಾಡಿದ್ದು 2022ರ ಡಿಸೆಂಬರಿನಲ್ಲಿ. ಐವತ್ತೇಳು ವರ್ಷ! ಅಷ್ಟೂ ವರ್ಷ ಭಾಷೆ ಬದಲಾಗಲಿಲ್ಲ, ಬದುಕು ಬದಲಾಗಲಿಲ್ಲ. ಪಟ್ಟಿಯ ಮೇಲಿದ್ದ ರಾಜ್ಯದ ಹೆಸರು ಬೇರೆ ಇತ್ತು, ಅಷ್ಟೇ ವ್ಯತ್ಯಾಸ.

ಎರಡನೇ ಪದ, ಮೂಲನಿವಾಸಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1989ರ 169ನೇ ಒಡಂಬಡಿಕೆಯಲ್ಲಿ ಈ ಪದಕ್ಕೆ ತೂಕ ಇದೆ. ಆಕ್ರಮಣಕ್ಕೋ ವಸಾಹತಿಗೋ ಮುಂಚೆಯಿಂದ ಆ ನೆಲದಲ್ಲಿದ್ದವರ ಸಂತತಿಯೇ, ತಾವು ಅಂಥವರು ಅಂತ ತಾವೇ ಹೇಳಿಕೊಳ್ಳುತ್ತಾರೆಯೇ ಅಂತ ಅದು ಕೇಳುತ್ತೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. 2007ರಲ್ಲಿ ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕಿನ ಘೋಷಣೆಗೆ ಮಾತ್ರ ಪರವಾಗಿ ಮತ ಹಾಕಿತು, ಆದರೆ ಸ್ವಾತಂತ್ರ್ಯ ಬಂದ ಮೇಲೆ ಎಲ್ಲ ಭಾರತೀಯರೂ ಮೂಲನಿವಾಸಿಗಳೇ ಅನ್ನೋದು ನಮ್ಮ ಸರ್ಕಾರದ ನಿಲುವು. ಎಷ್ಟು ಅನುಕೂಲದ ಮಾತು ನೋಡಿ. ಎಲ್ಲರೂ ಮೂಲನಿವಾಸಿ ಅಂದಮೇಲೆ ಯಾರನ್ನೂ ಬೇರೆಯಾಗಿ ಎಣಿಸಬೇಕಾಗಿಲ್ಲ.

ಆದರೆ ಭಾಷಣ ಮಾಡಿದವರಿಗೂ ಒಂದು ಪ್ರಶ್ನೆ. ಪಶ್ಚಿಮದ ಕಡೆಯಿಂದ ಬಂದ ನುಡಿಯಾಡುವ ಹಕ್ಕಿಪಿಕ್ಕಿಯವರು ಬೇಲೂರಿನ ಮೂಲನಿವಾಸಿಗಳೇ? ಉತ್ತರ ಕನ್ನಡದ ಸಿದ್ದಿಯರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಧಾರವಾಡ, ಬೆಳಗಾವಿಯ ಸಿದ್ದಿಯರೂ ಸೇರಿದರು. ನೆಲಕ್ಕೆ ಮೊದಲು ಯಾರು ಬಂದರು ಅನ್ನೋದು ಭಾರತದ ಪಟ್ಟಿಯ ಪ್ರಶ್ನೆಯೇ ಅಲ್ಲ. ಹಾಗಿರುವಾಗ 'ಮೂಲನಿವಾಸಿ' ಅಂತ ಗಟ್ಟಿಯಾಗಿ ಕೂಗೋದು ಸಿದ್ದಿಯರ, ಹಕ್ಕಿಪಿಕ್ಕಿಯವರ ಹಕ್ಕಿನ ಮೇಲೇ ಅನುಮಾನ ಹುಟ್ಟಿಸಿದ ಹಾಗೆ.

ಮೂರನೇದು ಅಲ್ಪಸಂಖ್ಯಾತ. ಬೇರೆ ದೇಶಗಳಲ್ಲಿ ಜನಾಂಗೀಯ ಅಲ್ಪಸಂಖ್ಯಾತ ಅನ್ನೋದು ಸರ್ಕಾರದ ಲೆಕ್ಕದ ಪುಸ್ತಕದಲ್ಲೇ ಇರುತ್ತೆ. ಚೀನಾದಲ್ಲಿ ಹಾನ್ ಜನರನ್ನು ಬಿಟ್ಟು 55 ಅಂತ ಸರ್ಕಾರವೇ ನಿಗದಿ ಮಾಡಿದೆ. ನಮ್ಮಲ್ಲಿ ಅಂಥ ಕಾಲಮ್ಮೇ ಇಲ್ಲ. ಸಂವಿಧಾನದ 30ನೇ ವಿಧಿ ಧರ್ಮ ಅಥವಾ ಭಾಷೆಯ ಅಲ್ಪಸಂಖ್ಯಾತರ ಬಗ್ಗೆ ಮಾತಾಡುತ್ತೆ. 1992ರ ಅಲ್ಪಸಂಖ್ಯಾತರ ಆಯೋಗದ ಕಾಯ್ದೆಯಡಿ ಅಧಿಸೂಚನೆ ಆಗಿರೋದು ಆರು ಧರ್ಮಗಳು ಮಾತ್ರ, ಆರನೆಯದಾಗಿ ಜೈನರು ಸೇರಿದ್ದು 2014ರಲ್ಲಿ. ಹಾಗಾದರೆ ಹಕ್ಕಿಪಿಕ್ಕಿಯವರನ್ನು ಭಾಷೆಯ ಲೆಕ್ಕದಲ್ಲಿ ಹುಡುಕೋಣವೇ? ಇಡೀ ದೇಶದಲ್ಲಿ ಹತ್ತು ಸಾವಿರ ಮಂದಿ ಆಡದ ಭಾಷೆಯ ಹೆಸರನ್ನು ಜನಗಣತಿ ಬೇರೆಯಾಗಿ ಪ್ರಕಟಿಸುವುದಿಲ್ಲ. 2011ರ ಗಣತಿಯ 121 ಭಾಷೆಗಳಲ್ಲಿ ವಾಗ್ರಿ ಬೂಲಿ ಇಲ್ಲ. ಒಂದು ಪುಟದಲ್ಲಿ ಇರುವ ಜನ ಮುಂದಿನ ಪುಟದಲ್ಲಿ ಮಾಯ!

"ಜನ ತಾವೇ ಏನಂತ ಹೇಳಿಕೊಳ್ಳುತ್ತಾರೋ ಹಾಗೇ ಬರೆದುಕೊಳ್ಳಲಿ ಬಿಡಿ, ಪಟ್ಟಿ ಯಾಕೆ?" ಅಂತ ಕಾಮೆಂಟಿನಲ್ಲಿ ಯಾರಾದರೂ ಕೇಳೇ ಕೇಳ್ತೀರಿ, ಗೊತ್ತು. ಕೇಳೋದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಕರ್ನಾಟಕದ ಅಂಕಿ ನೋಡಿ. 1971ರ ಜನಗಣತಿಯಲ್ಲಿ ಪರಿಶಿಷ್ಟ ಪಂಗಡದವರು 2.31 ಲಕ್ಷ. 1981ರಲ್ಲಿ 18.25 ಲಕ್ಷ. ಹತ್ತು ವರ್ಷದಲ್ಲಿ ಎಂಟು ಪಟ್ಟು ಹೆರಿಗೆ ಆಗಿಲ್ಲ ತಾನೇ? ನಡುವೆ 1976ರಲ್ಲಿ ಒಂದು ಕಾಯ್ದೆ ಬಂತು. ಅಲ್ಲಿವರೆಗೆ ಒಂದೊಂದು ಹೆಸರೂ ಇಂತಿಂಥ ಜಿಲ್ಲೆಗೆ ಮಾತ್ರ ಅಂತಿತ್ತು. ಆ ಗಡಿಗಳನ್ನು ಹೆಚ್ಚುಕಮ್ಮಿ ತೆಗೆದುಹಾಕಿದರು. ಉತ್ತರದ ಕೆಲವೇ ಜಿಲ್ಲೆಗಳ 'ನಾಯ್ಕಡ, ನಾಯಕ' ಅನ್ನೋ ಹೆಸರು ಇಡೀ ರಾಜ್ಯಕ್ಕೆ ತೆರೆದುಕೊಂಡಿತು. 1991ರಲ್ಲಿ ಬೇಡ, ವಾಲ್ಮೀಕಿ ಮುಂತಾದ ಸಮಾನ ಹೆಸರುಗಳನ್ನೂ ಸೇರಿಸಿದರು, ಆದರೆ ಆ ವರ್ಷದ ಎಣಿಕೆ ಅಷ್ಟರಲ್ಲಿ ಮುಗಿದಿತ್ತು. ಅಂಕಿ 19.16 ಲಕ್ಷದಲ್ಲೇ ನಿಂತಿತು. 2001ಕ್ಕೆ ನೋಡಿದರೆ 34.64 ಲಕ್ಷ. ನಾಯಕರಿಗೆ ಸಿಕ್ಕಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಆ ಜಗಳಕ್ಕೆ ಬರಬೇಡಿ. ಪಟ್ಟಿಯ ಒಂದು ಸಾಲು ತಿದ್ದಿದರೆ ಜನಸಂಖ್ಯೆಯೇ ಬದಲಾಗುತ್ತೆ ಅಂತಷ್ಟೇ ಹೇಳುತ್ತಿರೋದು. ಈ ಅಂಕಿ ಮುಂದಿಟ್ಟುಕೊಂಡು "ಬುಡಕಟ್ಟಿನವರು ಎಷ್ಟು ಬೆಳೆದುಬಿಟ್ಟರು" ಅನ್ನುವವರಿಗೂ, "ಅಭಿವೃದ್ಧಿಯ ಫಲ" ಅನ್ನುವವರಿಗೂ ಒಟ್ಟಿಗೇ ಕೈಮುಗಿಯಬೇಕು ಅನ್ಸುತ್ತೆ.

ಆ 1976ರ ಕಾಯ್ದೆಯೂ ಎಲ್ಲ ಗಡಿ ತೆಗೆಯಲಿಲ್ಲ. 'ಕುರುಬ (ಕೊಡಗು ಜಿಲ್ಲೆಯಲ್ಲಿ)' ಅಂತ ಇವತ್ತಿಗೂ ಪಟ್ಟಿಯಲ್ಲಿದೆ. 1956ರವರೆಗೆ ಕೊಡಗು ಬೇರೆ ರಾಜ್ಯ, ಅದರ ಪಟ್ಟಿಯೂ ಬೇರೆ. ಅಲ್ಲಿ 'ಕುರುಬ' ಅಂತಷ್ಟೇ ಬರೆದಿದ್ದರು. ಎರಡೂ ರಾಜ್ಯ ಸೇರಿದ ಮೇಲೂ ಆ ಸಾಲು ಬ್ರಾಕೆಟ್ಟಿನ ಸಮೇತ ಉಳಿದುಕೊಂಡಿತು. ಹಾಗಾಗಿ ಅರಕಲಗೂಡಿನಲ್ಲಿ ಕುರುಬರು ಹಿಂದುಳಿದ ವರ್ಗಗಳ ಪ್ರವರ್ಗ 2ಎ, ಗಡಿ ದಾಟಿದರೆ ಅದೇ ಹೆಸರು ಪರಿಶಿಷ್ಟ ಪಂಗಡ. ಚಾರ್ಮಾಡಿ ಘಾಟಿಯಲ್ಲೂ ಇದೇ ಕಥೆ. 'ಮರಾಟಿ' ಅವಿಭಜಿತ ದಕ್ಷಿಣ ಕನ್ನಡಕ್ಕೆ ಮಾತ್ರ, ಘಾಟಿ ಹತ್ತಿ ಮೂಡಿಗೆರೆಗೆ ಬಂದರೆ ಆ ಸಾಲು ಅನ್ವಯಿಸಲ್ಲ.

ಇಲ್ಲೇ ನಿಜವಾದ ಪೆಟ್ಟು ಬೀಳೋದು. ಕಾಡು ಕುರುಬ, ಜೇನು ಕುರುಬ ಅನ್ನೋವು ಬೇರೆ ಸಾಲುಗಳು, ಅವಕ್ಕೆ ಜಿಲ್ಲೆಯ ಗಡಿ ಇಲ್ಲ. ಕಾಡು ಕುರುಬರ ಮಗುವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಬರೀ 'ಕುರುಬ' ಅಂತ ಬರೆದರೆ ಮುಗೀತು, ಕಡತದಲ್ಲಿ ಆ ಮಗು 2ಎ. ಗ್ರಾಮ ಲೆಕ್ಕಿಗರು ಶಾಲೆ ದಾಖಲೆ ನೋಡ್ತಾರೆ, ರೆವಿನ್ಯೂ ಇನ್‌ಸ್ಪೆಕ್ಟರು ಅದನ್ನೇ ಒಪ್ಪುತ್ತಾರೆ, ತಹಶೀಲ್ದಾರರು ಅರ್ಜಿ ತಿರಸ್ಕರಿಸುತ್ತಾರೆ. ಬೆಟ್ಟ ಕುರುಬರಿಗಂತೂ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. 2022ರ ಡಿಸೆಂಬರಿನಲ್ಲಿ ಅದನ್ನು ಕಾಡು ಕುರುಬಕ್ಕೆ ಸಮಾನ ಹೆಸರಾಗಿ ಸೇರಿಸಲು ಸಂಸತ್ತು ಒಪ್ಪಬೇಕಾಯ್ತು. "ಎರಡೂ ಒಂದೇ ಜನ ಸಾರ್" ಅಂತ ತಹಶೀಲ್ದಾರರ ಮುಂದೆ ಸಾಕ್ಷಿ ಸಮೇತ ಹೇಳಿದರೂ ನಡೆಯಲ್ಲ. ಪಟ್ಟಿ ಹೇಗಿದೆಯೋ ಹಾಗೇ ಓದಬೇಕು, ಇದೂ ಅದೂ ಒಂದೇ ಅಂತ ವಿಚಾರಣೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲಿ ಮಿಲಿಂದ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ.

ನಷ್ಟ ಬರೀ ಮೀಸಲಾತಿಯದ್ದಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಜಾಗದಲ್ಲಿ ಇದ್ದೆವು ಅಂತ ತೋರಿಸಿದರೆ ಸಾಕು. ಬೇರೆಯವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ತೋರಿಸಬೇಕು. 1930ರ ದಾಖಲೆ ಕಾಡಿನ ಗುಡಿಸಲಲ್ಲಿ ಎಲ್ಲಿಂದ ಬರುತ್ತೆ? ಮೇಷ್ಟ್ರು ಬಿಟ್ಟ ಎರಡಕ್ಷರಕ್ಕೆ ಎಪ್ಪತ್ತೈದು ವರ್ಷದ ದಂಡ.

ಇನ್ನು 2027ರ ಜನಗಣತಿ ಬರ್ತಿದೆ. ಇದುವರೆಗಿನ ಪದ್ಧತಿ ನೋಡಿದರೆ ಗಣತಿದಾರರ ಕೈಯಲ್ಲಿ ರಾಜ್ಯದ ಪಟ್ಟಿ ಇರುತ್ತೆ, ಅದರಲ್ಲಿದ್ದ ಹೆಸರನ್ನೇ ಬರೆಯಬೇಕು. 'ಆದಿವಾಸಿ', 'ಗಿರಿಜನ' ಅಂತ ಹೇಳಿದವರದ್ದು ರಾಜ್ಯದ ಒಟ್ಟು ಮೊತ್ತಕ್ಕೆ ಸೇರಿದರೂ ಯಾವ ಪಂಗಡದ ಲೆಕ್ಕಕ್ಕೂ ಹೋಗಲ್ಲ, ಪಂಗಡವಾರು ಪಟ್ಟಿಯ ಕೊನೆಯ ಸಾಮಾನ್ಯ ಹೆಸರುಗಳ ಸಾಲಿಗೆ ಬೀಳುತ್ತೆ. ನಾಯಕರಂಥ ದೊಡ್ಡ ಸಮುದಾಯಕ್ಕೆ ನಾಲ್ಕು ಮನೆ ಹೀಗೆ ಹೋದರೆ ಗೊತ್ತೂ ಆಗಲ್ಲ. ಕೊಪ್ಪ, ಶೃಂಗೇರಿ ಕಡೆಯ ಹಸಲರು, ಗೌಡಲುಗಳಿಗೆ, ಅಂಗಡಿಹಳ್ಳಿಯವರಿಗೆ ನಾಲ್ಕು ಮನೆ ಅಂದರೆ ದೊಡ್ಡ ಲೆಕ್ಕ. ಹಾಗಾಗಿ ಹಸಲರು 'ಹಸಲರು' ಅಂತಲೇ, ಹಕ್ಕಿಪಿಕ್ಕಿಯವರು 'ಹಕ್ಕಿಪಿಕ್ಕಿ' ಅಂತಲೇ ಹೇಳಿ, ಬರೆದದ್ದನ್ನು ಒಂದು ಸಲ ಓದಿಸಿಕೊಂಡು ಕೇಳಬೇಕು. ಇವತ್ತಿನ ಸಭೆಯಲ್ಲಿ ಹಾರ ತುರಾಯಿಗೆ ಕೊಟ್ಟ ಹೊತ್ತಿನಲ್ಲಿ ಐದು ನಿಮಿಷ ಇದಕ್ಕೆ ಕೊಡಬಹುದಿತ್ತು. ಮುಂದಿನ ಸಾಲಿನಲ್ಲಿ ಅಂಗಡಿಹಳ್ಳಿಯಿಂದ ಬಂದವರೇ ಕೂತಿದ್ದರು.